ಒಂದೇ ಗೋಡೆ, ಎರಡು ಪಂಪು

ಹೃದಯ ಒಂದು ಪಂಪು ಎಂದು ನಾವೆಲ್ಲ ಹೇಳುತ್ತೇವೆ. ನಿಜದಲ್ಲಿ ಅವು ಎರಡು, ನಡುವೆ ಒಂದೇ ಗೋಡೆ. ಬಲಭಾಗ ದೇಹ ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡಭಾಗಕ್ಕೆ ಬರುತ್ತದೆ, ಎಡಭಾಗ ಅದನ್ನು ಇಡೀ ದೇಹಕ್ಕೆ ದೂಡುತ್ತದೆ. ಶಾಲೆಯಲ್ಲಿ ಕೆಂಪು-ನೀಲಿ ಪೆನ್ಸಿಲ್ ಹಿಡಿದು ಈ ಚಿತ್ರ ಬರೆದು ಅಂಕ ತೆಗೆದುಕೊಂಡವನು ನಾನು. ಆ ನಡುಗೋಡೆಯ ಬೆಲೆ ತಿಳಿದದ್ದು ಮಾತ್ರ ತಂಗಿಯ ಮಗನಿಂದ.

ತಂಗಿ ಬಾಣಂತನಕ್ಕೆ ಕಾಮೋಠೆಯ ನಮ್ಮ ಮನೆಯಲ್ಲೇ ಇದ್ದಳು. ಕೂಸು ಹುಟ್ಟಿದಾಗ ಮೂರು ಕಿಲೋ. ಎರಡು ತಿಂಗಳಾದರೂ ಮೂರೂವರೆ ದಾಟಲಿಲ್ಲ. ಹಾಲು ಕುಡಿಯುತ್ತ ನಡುನಡುವೆ ಬಿಟ್ಟು ಏದುಸಿರು ಬಿಡುತ್ತಿತ್ತು, ಹಣೆ ಬೆವರುತ್ತಿತ್ತು. ಮಕ್ಕಳ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಎಕೋ ಮಾಡಿಸಿದಾಗ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ತೂತು ಕಂಡಿತು.

ಅವ್ವನ ಪ್ರಶ್ನೆ ನೇರವಾಗಿತ್ತು: "ಹುಟ್ಟಿದಾಗ ಎಲ್ಲಾ ಸರಿ ಐತಿ ಅಂದಿದ್ರಲ್ಲೋ, ಈಗ ತೂತು ಎಲ್ಲಿಂದ ಬಂತು?"

ತೂತು ಮೊದಲೇ ಇತ್ತು. ಅದರ ಮೂಲಕ ರಕ್ತ ಹರಿಯುತ್ತಿರಲಿಲ್ಲ, ಅಷ್ಟೇ. ದೊಡ್ಡವರಲ್ಲಿ ಎಡಕೋಣೆ ಸುಮಾರು 120ರ ಒತ್ತಡದಲ್ಲಿ ದೂಡಿದರೆ ಬಲಕೋಣೆಗೆ 25 ಸಾಕು. ಶ್ವಾಸಕೋಶ ಪಕ್ಕದಲ್ಲೇ ಇದೆ, ಅದರ ನಾಳಗಳೂ ಸಡಿಲ. ಏಳನೇ ಮಹಡಿಯ ಟ್ಯಾಂಕಿಗೆ ನೀರೇರಿಸುವ ಮೋಟರು ಬೇರೆ, ಅಂಗಳದ ಗಿಡಕ್ಕೆ ನೀರು ಬಿಡುವ ಮೋಟರು ಬೇರೆ ಅಲ್ಲವೇ, ಹಾಗೆ. ಆದರೆ ಗರ್ಭದಲ್ಲಿರುವಾಗ ಶಿಶು ಉಸಿರಾಡುವುದಿಲ್ಲ, ಅದರ ಶ್ವಾಸಕೋಶದ ನಾಳಗಳು ಬಿಗಿಯಾಗಿರುತ್ತವೆ. ಹುಟ್ಟಿದ ಕೂಡಲೇ ಅವು ಪೂರ್ತಿ ಸಡಿಲವಾಗುವುದಿಲ್ಲ, ಕೆಲವು ವಾರ ಬೇಕು. ಅಲ್ಲಿಯವರೆಗೆ ಗೋಡೆಯ ಎರಡೂ ಕಡೆ ಒತ್ತಡದಲ್ಲಿ ಹೆಚ್ಚು ಅಂತರವಿಲ್ಲ. ಹರಿವಿಲ್ಲದ ಮೇಲೆ ಸದ್ದೂ ಇಲ್ಲ. ನಾಳಗಳು ಸಡಿಲವಾದಂತೆ ಎಡಕೋಣೆಯ ರಕ್ತ ಸುಲಭದ ದಾರಿ ಹಿಡಿದು ತೂತಿನಿಂದ ಬಲಕ್ಕೆ, ಅಲ್ಲಿಂದ ಮತ್ತೆ ಶ್ವಾಸಕೋಶಕ್ಕೆ ನುಗ್ಗುತ್ತದೆ.

ಕೋವಿಡ್ ಕಾಲದ ಆಕ್ಸಿಮೀಟರ್ ಮನೆಯಲ್ಲಿತ್ತು. ಅದನ್ನು ಅಪ್ಪ ಕೂಸಿನ ಕಾಲಿಗೆ ಸಿಕ್ಕಿಸಿ 98 ನೋಡಿ ಸಮಾಧಾನಪಟ್ಟರು. ಆದರೆ ಈ ತೊಂದರೆಯಲ್ಲಿ ಅಂಕಿ ಚೆನ್ನಾಗಿಯೇ ಇರುತ್ತದೆ. ಸೋರುವುದು ಆಗಲೇ ಆಮ್ಲಜನಕ ತುಂಬಿಕೊಂಡ ರಕ್ತ, ಅದು ಸುಮ್ಮನೆ ಇನ್ನೊಂದು ಸುತ್ತು ಹೊಡೆಯುತ್ತದೆ. ದೇಹಕ್ಕೆ ಹೋಗುವ ರಕ್ತ ಕೆಂಪಾಗಿಯೇ ಇರುತ್ತದೆ, ಮಗು ನೀಲಿಯಾಗುವುದಿಲ್ಲ.

ಎಕೋ ರಿಪೋರ್ಟಿನಲ್ಲಿ Qp/Qs = 2 ಎಂದಿತ್ತು. ಎರಡು ಸುತ್ತುಗಳ ಲೆಕ್ಕ ಅದು: ದೇಹಕ್ಕೆ ಒಂದು ಪಾಲು ರಕ್ತ ಹೋದರೆ ಶ್ವಾಸಕೋಶಕ್ಕೆ ಎರಡು ಪಾಲು. ಸರಿಯಾದ ಹೃದಯದಲ್ಲಿ ಇದು 1 ಇರಬೇಕು, ಏಕೆಂದರೆ ಎರಡು ಸುತ್ತುಗಳೂ ಒಂದರ ಹಿಂದೊಂದು ಜೋಡಿಸಿದವು. ದೊಡ್ಡವರ ಹೃದಯ ಬಡಿತಕ್ಕೆ 70 ಮಿಲಿಲೀಟರಿನಂತೆ ನಿಮಿಷಕ್ಕೆ ಸುಮಾರು ಐದು ಲೀಟರ್ ದೂಡುತ್ತದೆ, ಎರಡೂ ಕಡೆ ಅಷ್ಟೇ. ಬಲಭಾಗ ಪ್ರತಿ ಬಡಿತಕ್ಕೆ ಬರೀ ಒಂದು ಮಿಲಿಲೀಟರ್ ಹೆಚ್ಚು ಕಳಿಸುತ್ತ ಹೋದರೆ ಅರ್ಧ ಗಂಟೆಯಲ್ಲಿ ಎರಡು ಲೀಟರ್ ಶ್ವಾಸಕೋಶದಲ್ಲಿ ನಿಂತುಬಿಡುತ್ತದೆ! ನಮ್ಮ ಕೂಸಿನಲ್ಲಿ ಹಾಗೆ ನಿಲ್ಲಲಿಲ್ಲ, ಎರಡು ಪಾಲೂ ಎಡಭಾಗಕ್ಕೆ ವಾಪಸು ಬರುತ್ತಿದ್ದವು. ಹಾಗಾಗಿ ಹಿಗ್ಗಿದ್ದು ಎಡಕೋಣೆ. ರಕ್ತ ನುಗ್ಗುವುದು ಬಲಕ್ಕೆ, ದಣಿಯುವುದು ಎಡ. ನನಗೆ ಇದು ಅರ್ಥವಾಗಲು ಕಾಗದದ ಮೇಲೆ ಬಾಣ ಬರೆದು ನೋಡಬೇಕಾಯಿತು.

"ತಾನಾಗೇ ಮುಚ್ಚಿಕೋತದಂತಲ್ಲ, ನಮ್ಮೂರಾಗ ಹಂಗೇ ಒಂದು ಹುಡುಗನಿಗೆ ಆಗಿತ್ತು," ಎಂದಳು ಅವ್ವ. ಸುಳ್ಳಲ್ಲ, ಸಣ್ಣ ತೂತುಗಳು ಎಷ್ಟೋ ಸಲ ಮುಚ್ಚಿಕೊಳ್ಳುತ್ತವೆ. ದೊಡ್ಡದಕ್ಕೆ ಕಾಯುತ್ತ ವರ್ಷಗಟ್ಟಲೆ ಕೂತರೆ ಹೆಚ್ಚುವರಿ ಹರಿವು, ಒತ್ತಡ ತಾಳಲಾರದೆ ಶ್ವಾಸಕೋಶದ ನಾಳಗಳು ದಪ್ಪಗಾಗಿ ಗಡುಸಾಗುತ್ತವೆ. ಕೊನೆಗೆ ಹರಿವು ತಿರುಗಿ ಬಲದ ಕಪ್ಪುರಕ್ತ ಎಡಕ್ಕೆ ಬರುತ್ತದೆ. ಮಗು ನೀಲಿಯಾಗುವುದು ಆಗ. ಆ ಹಂತದಲ್ಲಿ ತೂತು ಮುಚ್ಚಿದರೆ ಪ್ರಾಣಕ್ಕೇ ಅಪಾಯ, ಬಲಕೋಣೆಗೆ ಒತ್ತಡ ಇಳಿಸಿಕೊಳ್ಳಲು ಉಳಿದಿರುವ ದಾರಿ ಅದೊಂದೇ. ಅದಕ್ಕೇ ದೊಡ್ಡ ತೂತನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಮುಚ್ಚುತ್ತಾರೆ.

ಪಕ್ಕದ ಖಾರ್ಘರ್‌ನಲ್ಲಿ ಶ್ರೀ ಸತ್ಯಸಾಯಿ ಸಂಜೀವನಿ ಮಕ್ಕಳ ಹೃದಯ ಆಸ್ಪತ್ರೆ ಇದೆ, ಅಲ್ಲಿ ಆಪರೇಷನ್ನಿಗೆ ಹಣ ತೆಗೆದುಕೊಳ್ಳುವುದಿಲ್ಲ. ಇಲ್ಲೇ ಇರುವ ಎಷ್ಟೋ ಕನ್ನಡದವರಿಗೆ ಇದು ಗೊತ್ತಿಲ್ಲ, ಅದಕ್ಕೇ ಬರೆದೆ. ನಮಗೆ ತಂಗಿಯ ಗಂಡನ ಕಂಪನಿಯ ಇನ್ಶೂರೆನ್ಸ್ ಇದ್ದುದರಿಂದ ಬೇರೆ ಕಡೆ ಹೋದೆವು. ಮೊದಲು ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟು ಶ್ವಾಸಕೋಶದ ಭಾರ ಇಳಿಸಿದರು. ಐದನೇ ತಿಂಗಳಲ್ಲಿ ಆಪರೇಷನ್ ಆಯಿತು. ಅಷ್ಟು ಹೊತ್ತು ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಒಂದು ಯಂತ್ರ ಮಾಡಿತು, ಗೋಡೆಗೆ ತೇಪೆ ಹೊಲಿದರು.

ಆರು ತಿಂಗಳ ಮೇಲೆ ಮಾಡಿಸಿದ ಎಕೋದಲ್ಲಿ ತೇಪೆಯ ಅಂಚಿನಲ್ಲಿ ಸೋರಿಕೆ ಇರಲಿಲ್ಲ. ಎಡಕೋಣೆ ಅವನ ವಯಸ್ಸಿಗೆ ತಕ್ಕ ಅಳತೆಗೆ ಇಳಿದಿತ್ತು.