ಅವ್ವನ ಬೇಳೆ ಬೇಯದ ದಿನ

ಕೊಟ್ಟೂರಿನಿಂದ ಅವ್ವ ಮೊದಲ ಸಲ ಊಟಿಯ ನನ್ನ ಬಾಡಿಗೆ ಮನೆಗೆ ಬಂದಾಗ, ಊರಿಂದ ತಂದ ತೊಗರಿಬೇಳೆಯನ್ನೇ ಪಾತ್ರೆಯಲ್ಲಿ ಒಲೆಗಿಟ್ಟಳು. ಮುಕ್ಕಾಲು ತಾಸು ಕುದಿದರೂ ಬೇಳೆ ಬೆರಳಿಗೆ ಮೆತ್ತಗೆ ಸಿಗಲಿಲ್ಲ. ಉರಿ ಜೋರು ಮಾಡಿದಳು. ನೀರು ಇಂಗಿ ತಳ ಹಿಡಿಯಿತು. “ಇಷ್ಟು ಕುದ್ರೂ ಬ್ಯಾಳಿ ಬೇಯವಲ್ದು. ನನ್ನ ಕೈಯಾಗ ಏನೋ ತಪ್ಪೇತಿ” ಎಂದು ಸಪ್ಪಗಾದಳು.

ತಪ್ಪು ಕೈಯದಲ್ಲ. ನಮ್ಮೂರಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. 2,240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿಯ ಒತ್ತಡ ಕಡಿಮೆ. 92–93ಕ್ಕೇ ಕುದಿ ಬರುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ನೀರಿನ ಶಾಖ ಏರದು, ಆವಿಯಾಗುವುದಷ್ಟೇ ಹೆಚ್ಚುತ್ತದೆ. ಆದ್ದರಿಂದ ತೆರೆದ ಪಾತ್ರೆಯ ಬೇಳೆಗೆ ಹೆಚ್ಚು ಹೊತ್ತು ಬೇಕು, ಆ ಹೊತ್ತಿಗೆ ತಕ್ಕ ನೀರೂ ಬೇಕು. ಮರುದಿನ ಬೇಳೆ ನೆನೆಸಿ ಕುಕ್ಕರಿಗೆ ಹಾಕಿದೆವು. ಒಳಗೆ ಸಿಕ್ಕ ಆವಿಯೇ ಒತ್ತಡ ಏರಿಸುವುದರಿಂದ ಅಲ್ಲಿ ಶಾಖ ನೂರು ದಾಟುತ್ತದೆ. ಊರಿಗಿಂತ ಎರಡು ಸೀಟಿ ಹೆಚ್ಚು ಕೂಗಿಸಿದ್ದಕ್ಕೆ ಬೇಳೆ ಬೆಣ್ಣೆಯಾಯಿತು.

ಸಂಜೆ ಮಿರ್ಚಿ. ಅವ್ವ ಊರಿನ ಅಳತೆಯಲ್ಲೇ ಸೋಡಾ ಹಾಕಿದಳು. ಕಡಿಮೆ ಒತ್ತಡದಲ್ಲಿ ಸೋಡಾದ ಗುಳ್ಳೆ ಹೆಚ್ಚು ಹಿಗ್ಗಿ, ಹಿಟ್ಟು ಗಟ್ಟಿಯಾಗುವ ಮೊದಲೇ ಒಡೆಯುತ್ತದೆ. ಮಿರ್ಚಿ ಉಬ್ಬಿತು, ತೂತು ಬಿತ್ತು, ಎಣ್ಣೆ ಕುಡಿದು ಕುಸಿಯಿತು. ಅವಳು ಮಾತಾಡದೆ ಹೊಸ ಹಿಟ್ಟು ಕಲಸಿ, ಚಿಟಿಕೆಯಲ್ಲಿ ಕಾಲುಭಾಗ ಸೋಡಾ ಉದುರಿಸಿ ಉಳಿದದ್ದನ್ನು ಹಾಕಿದಳು. ಈ ಸಲ ಮಿರ್ಚಿ ನಿಂತಿತು.

ಊರು ಮುಟ್ಟಿದ ಮರುದಿನ ಫೋನ್ ಮಾಡಿದಳು: “ಇಲ್ಲಿ ಅದೇ ಬ್ಯಾಳಿ ಲಗೂನ ಬೆಂತು ನೋಡು.”