ಎದೆಮಟ್ಟದ ಸುತ್ತು

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟಗಳಲ್ಲಿ ಎಂಬತ್ತರ ದಶಕದಲ್ಲಿ ಮರದ ವ್ಯಾಸ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಸುತ್ತು. ‘ಸುತ್ತು ಎಷ್ಟು ಬಂತು?’ ಎಂಬ ಪ್ರಶ್ನೆಗೆ ಅಡಿ, ಅಂಗುಲದಲ್ಲಿ ಉತ್ತರ ಸಿಕ್ಕಿದರೆ ಸಾಕು, ರೈಟರು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮರಕ್ಕೆ ಹೋಗುತ್ತಿದ್ದರು. ಕಾಲೇಜಿನ ರಜೆಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು.

ವ್ಯಾಸ ಬೇಡವಾಗಿದ್ದುದಕ್ಕೆ ಕಾರಣವಿತ್ತು. ಮರದ ವ್ಯಾಪಾರಿ ನಾಟಾ ಲೆಕ್ಕ ಹಾಕುತ್ತಿದ್ದುದು ಕ್ವಾರ್ಟರ್ ಗರ್ತ್ ರೀತಿಯಲ್ಲಿ. ದಿಮ್ಮಿಯ ನಡುವಿನ ಸುತ್ತನ್ನು ನಾಲ್ಕರಿಂದ ಭಾಗಿಸು, ಬಂದದ್ದನ್ನು ಅದರಿಂದಲೇ ಗುಣಿಸು, ಆಮೇಲೆ ಉದ್ದದಿಂದ ಗುಣಿಸು. 4 ಅಡಿ ಸುತ್ತಿನ, 20 ಅಡಿ ಉದ್ದದ ದಿಮ್ಮಿಯಾದರೆ ಕಾಲು ಸುತ್ತು 1 ಅಡಿ, ಒಟ್ಟು 20 ಘನ ಅಡಿ. ಕಾಗದವೂ ಬೇಡ. ಆದರೆ ದಿಮ್ಮಿ ಗುಂಡಗಿರುತ್ತದೆ, ಲೆಕ್ಕ ಅದನ್ನು ಚೌಕವೆಂದು ಎಣಿಸುತ್ತದೆ. ಗುಂಡನೆಯ ಲೆಕ್ಕದಲ್ಲಿ ಅದೇ ದಿಮ್ಮಿ ಸುಮಾರು 25.5 ಘನ ಅಡಿ. ಕಡಿಮೆ ಬಿದ್ದ ಐದೂವರೆ ಅಡಿ ತೊಗಟೆಗೆ, ಗರಗಸದ ಪುಡಿಗೆ, ಅಂಚಿನ ಸೀಳುಗಳಿಗೆ ಎನ್ನುವುದು ವ್ಯಾಪಾರಿಯ ಸಮಜಾಯಿಷಿ. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಎಲ್ಲರಿಗೂ ಒಂದೇ ಲೆಕ್ಕವಾದ್ದರಿಂದ ದರವೇ ಅದಕ್ಕೆ ಹೊಂದಿಕೊಂಡಿತ್ತು, ಜಗಳ ಇರಲಿಲ್ಲ.

ಜಗಳವೇನಿದ್ದರೂ ಟೇಪಿನದು. ಆಗಿನದು ಬಟ್ಟೆಯ ಟೇಪು. ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಎಳೆದೆಳೆದು ಅದು ಉದ್ದವಾಗುತ್ತಿತ್ತು. ಟೇಪು ಉದ್ದವಾದರೆ ಗೆರೆಗಳೂ ದೂರ ದೂರ ಸರಿಯುತ್ತವೆ, ಹಾಗಾಗಿ ಅದು ತೋರಿಸುವ ಅಂಕಿ ಕಡಿಮೆ: 153 ಸೆಂ.ಮೀ. ಮರ 150 ಎಂದು ಓದಿಸಿಕೊಳ್ಳುತ್ತದೆ. ಕೊಳ್ಳುವವರು ತಮ್ಮ ಹಳೆಯ ಟೇಪನ್ನು ಅಷ್ಟು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದುದು ಯಾಕೆಂದು ನನಗೆ ಅರ್ಥವಾಗಿದ್ದು ತಡವಾಗಿ. ರೈಟರಿಗೆ ಮೊದಲೇ ಗೊತ್ತಿತ್ತು. ಉಕ್ಕಿನ ಅಳತೆಪಟ್ಟಿಯ ಪಕ್ಕದಲ್ಲಿ ಟೇಪನ್ನು ಚಾಚಿ ನೋಡದೆ ಅವರು ಅಳತೆ ಶುರುಮಾಡುತ್ತಿರಲಿಲ್ಲ.

ಅವರ ಕೈಯಲ್ಲಿ ಇನ್ನೊಂದು ಸಾಮಾನು ಇರುತ್ತಿತ್ತು, ನಾಲ್ಕೂವರೆ ಅಡಿಯ ಕೋಲು. ‘ಎದೆಮಟ್ಟ’ ಎನ್ನುವುದು ಹೆಸರಿಗೆ ಮಾತ್ರ. ನನ್ನ ಎದೆ, ನಿಮ್ಮ ಎದೆ, ಕುಳ್ಳಗಿದ್ದ ಗಾರ್ಡಿನ ಎದೆ ಒಂದೇ ಎತ್ತರದಲ್ಲಿಲ್ಲ. ಭಾರತದ ಅರಣ್ಯ ಲೆಕ್ಕದಲ್ಲಿ ಅದು ನೆಲದಿಂದ 1.37 ಮೀಟರ್, ಅಂದರೆ ಅದೇ ನಾಲ್ಕೂವರೆ ಅಡಿ. ಯೂರೋಪಿನಲ್ಲಿ 1.3 ಮೀಟರ್. ನೆಟ್ಟಗೆ ಬೆಳೆದ ಕಾಂಡದಲ್ಲಿ ಈ 7 ಸೆಂ.ಮೀ. ಅಂತರ ಲೆಕ್ಕಕ್ಕೇ ಬರುವುದಿಲ್ಲ. ಬುಡ ಉಬ್ಬಿದ ಮರದಲ್ಲಿ ಬರುತ್ತದೆ. ಬುಡದ ಉಬ್ಬನ್ನು ದಾಟಬೇಕು, ಆದರೆ ನಿಂತವನ ಕೈಗೂ ಎಟುಕಬೇಕು ಎಂಬ ಎರಡು ಕಾರಣಕ್ಕೆ ಹುಟ್ಟಿದ ಎತ್ತರವಿದು.

ಈಗ ತಮ್ಮನ ಮಗಳು ಅರಣ್ಯಶಾಸ್ತ್ರ ಓದುತ್ತಿದ್ದಾಳೆ. ತೋಟದ ನೆರಳಿನ ಮರಗಳಲ್ಲಿ ಎಷ್ಟು ಇಂಗಾಲ ಕೂತಿದೆ ಎನ್ನುವುದು ಅವಳ ಪ್ರಾಜೆಕ್ಟು. ಅವಳಿಗೆ ನಾಟಾ ಬೇಡ, ಕಾಲು ಸುತ್ತೂ ಬೇಡ. ಅವಳು ಬಳಸುವ ಸೂತ್ರಗಳಿಗೆಲ್ಲ ಎದೆಮಟ್ಟದ ವ್ಯಾಸವೇ ಆಹಾರ. ನಿಂತ ಮರದ ಅಡ್ಡಗಲವನ್ನು ಒಳಗೆ ಹೊಕ್ಕು ಅಳೆಯಲಾಗದು, ಹಾಗಾಗಿ ಸುತ್ತಿನಿಂದಲೇ ತೆಗೆಯಬೇಕು. ಲೆಕ್ಕ ಪ್ರಾಥಮಿಕ ಶಾಲೆಯದು: ಸುತ್ತನ್ನು ಪೈಯಿಂದ, ಅಂದರೆ 3.1416ರಿಂದ ಭಾಗಿಸಿದರೆ ವ್ಯಾಸ. ತೋಟದಲ್ಲಿ ನಿಂತು ಮಾಡುವುದಾದರೆ 7ರಿಂದ ಗುಣಿಸಿ 22ರಿಂದ ಭಾಗಿಸಿದರೂ ನಡೆಯುತ್ತದೆ. ಅದೂ ತಲೆನೋವೆಂದು ಅವಳ ಕೈಗೆ ಕೊಟ್ಟಿರುವ ಉಕ್ಕಿನ ಟೇಪಿನ ಒಂದು ಮುಖದಲ್ಲಿ ಪ್ರತಿ 3.14 ಸೆಂ.ಮೀ.ಗೆ ಒಂದರಂತೆ ಅಂಕಿ ಹೊಡೆದಿದ್ದಾರೆ. ಮರಕ್ಕೆ ಸುತ್ತಿದರೆ ನೇರವಾಗಿ ವ್ಯಾಸವೇ ಓದಿಗೆ ಸಿಗುತ್ತದೆ.

ಅನುಕೂಲ ಹೌದು. ಆದರೆ ಅದೇ ಟೇಪಿನ ಇನ್ನೊಂದು ಮುಖದಲ್ಲಿ ಮಾಮೂಲಿ ಸೆಂಟಿಮೀಟರ್ ಇದೆ. ಸಂಜೆ ಹೊತ್ತು, ಜಿಗಣೆ ಕಿತ್ತುಕೊಳ್ಳುತ್ತಾ ಓದುವಾಗ ಯಾವ ಮುಖ ಹೊರಗಿದೆ ಎನ್ನುವುದು ಮರೆತುಹೋಗುತ್ತದೆ. ಪಟ್ಟಿಯಲ್ಲಿ ಒಂದೇ ಸಾಲಿನ ಸಿಲ್ವರ್ ಓಕ್‌ಗಳ ನಡುವೆ ಇದ್ದಕ್ಕಿದ್ದಂತೆ ಒಂದು ಮರ ಮೂರು ಪಟ್ಟು ದಪ್ಪವಾದರೆ ಅಥವಾ ಮೂರನೇ ಒಂದಕ್ಕೆ ಇಳಿದರೆ ಮರವನ್ನು ಅನುಮಾನಿಸಬೇಕಾಗಿಲ್ಲ.

ಹೊಳೆಯ ಕಡೆಗೆ ಇಳಿಯುವ ಬರೆಯಲ್ಲಿ ಒಂದು ಸಿಲ್ವರ್ ಓಕ್ ಇದೆ. ಅವಳು ಕೆಳಗಡೆ ನಿಂತು ಟೇಪು ಸುತ್ತಿದಳು. 163 ಸೆಂ.ಮೀ. ಬಂತು.

“ಎಲ್ಲಿಂದ ಅಳೆದೆ?” ಎಂದೆ.

“ಇಲ್ಲಿಂದಲೇ ದೊಡ್ಡಪ್ಪ, ಕಾಲ ಹತ್ತಿರದ ನೆಲದಿಂದ.”

“ಮೇಲುಗಡೆ ಹೋಗಿ ಕೋಲು ಇಡು.”

ಇಳಿಜಾರಿನಲ್ಲಿ 1.37 ಮೀಟರನ್ನು ಯಾವಾಗಲೂ ಮೇಲುಗಡೆಯ ನೆಲದಿಂದ ಎಣಿಸಬೇಕು. ಆ ಜಾಗದಲ್ಲಿ ನೆಲ ಎಷ್ಟು ಕಡಿದಾಗಿದೆಯೆಂದರೆ ಕಾಂಡದ ಈ ಬದಿಗೂ ಆ ಬದಿಗೂ ಗೇಣಿಗಿಂತ ಹೆಚ್ಚು ವ್ಯತ್ಯಾಸ. ಕೆಳಗಿನಿಂದ ಅಳೆದಾಗ ಟೇಪು ಅಷ್ಟು ಕೆಳಕ್ಕೆ, ಬುಡದ ಉಬ್ಬು ಇನ್ನೂ ಮುಗಿಯದ ಕಡೆ ಕೂತಿತ್ತು. ಮೇಲಿನಿಂದ ಕೋಲಿಟ್ಟು ಸುತ್ತಿದಾಗ 154. ಏಳರಿಂದ ಗುಣಿಸಿ ಇಪ್ಪತ್ತೆರಡರಿಂದ ಭಾಗಿಸಿದರೆ ಸರಿಯಾಗಿ 49 ಸೆಂ.ಮೀ. ಮೊದಲಿನದು ಸುಮಾರು 51.9. ಮೂರೇ ಸೆಂ.ಮೀ. ತಾನೇ ಎನ್ನುವಂತಿಲ್ಲ. ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅಲ್ಲಿ ಅದು ಶೇಕಡಾ 12ರಷ್ಟು ಹೆಚ್ಚಾಗುತ್ತದೆ. ಇಂಗಾಲದ ಸೂತ್ರಗಳಲ್ಲಿ ವ್ಯಾಸದ ಘಾತ ಸಾಮಾನ್ಯವಾಗಿ ಎರಡಕ್ಕಿಂತಲೂ ಹೆಚ್ಚು, ಅಲ್ಲಿ ತಪ್ಪು ಇನ್ನೂ ದಪ್ಪಗಾಗುತ್ತದೆ. ನಿಂತ ಜಾಗ ಬದಲಾದದ್ದಕ್ಕೇ ಇಷ್ಟು. ಪೈಯನ್ನು 22/7 ಮಾಡಿದ್ದರಿಂದ ಆದ ವ್ಯತ್ಯಾಸ ಒಂದು ಕೂದಲೆಳೆ.

ಟೇಪು ಮಟ್ಟಸವಾಗಿ ಸುತ್ತಿರಬೇಕು ಎಂಬುದು ಎಲ್ಲ ಕೈಪಿಡಿಗಳಲ್ಲೂ ಇದೆ. ಎಷ್ಟು ಓರೆಯಾದರೆ ಎಷ್ಟು ನಷ್ಟ ಎಂದು ಒಮ್ಮೆ ಕುಳಿತು ಲೆಕ್ಕ ಹಾಕಿದ್ದೆ. 49 ಸೆಂ.ಮೀ. ದಪ್ಪದ ಮರದ ಹಿಂದೆ ಟೇಪು 13 ಸೆಂ.ಮೀ. ಜಾರಿದ್ದರೆ ಸುತ್ತು ಶೇಕಡಾ 2ಕ್ಕಿಂತ ತುಸು ಕಡಿಮೆ ಹೆಚ್ಚುತ್ತದೆ. ಅಂದರೆ ವ್ಯಾಸದಲ್ಲಿ ಒಂದು ಸೆಂ.ಮೀ. ಹತ್ತಿರ ಹತ್ತಿರ. ಒಬ್ಬರೇ ಅಳೆಯುವಾಗ ಜಾರುವುದು ಮರದ ಹಿಂಬದಿಯಲ್ಲೇ, ಕಾಣುವುದಿಲ್ಲ. ಹಿಂದೆ ಇನ್ನೊಂದು ತುದಿ ಹಿಡಿಯಲು ನನ್ನಂಥವನಿದ್ದ. ಈಗ ಅವಳೊಬ್ಬಳೇ, ಮರವನ್ನು ಒಂದು ಸುತ್ತು ಹಾಕಿ ನೋಡಿಕೊಂಡು ಬರಬೇಕು. ವಾಲಿದ ಮರದಲ್ಲಿ ಮಾತ್ರ ನೆಲಕ್ಕೆ ಮಟ್ಟಸ ಮಾಡುವುದಲ್ಲ, ಕಾಂಡಕ್ಕೆ ಲಂಬವಾಗಿ ಸುತ್ತಬೇಕು.

ನಮ್ಮ ತೋಟಗಳಿಗೇ ಅಂಟಿದ ತೊಂದರೆ ಮೆಣಸಿನ ಬಳ್ಳಿ. ನಾನು ಟೇಪು ಹಿಡಿಯುತ್ತಿದ್ದ ಕಾಲದಲ್ಲಿ ಸಿಲ್ವರ್ ಓಕ್ ಬರೀ ನೆರಳಿಗೆ, ಕಾಂಡ ಬೋಳು. ಈಗ ಬೋಳು ಮರ ಅಪರೂಪ, ಎದೆಮಟ್ಟದಲ್ಲೇ ಬಳ್ಳಿ ದಟ್ಟವಾಗಿ ಕಚ್ಚಿಕೊಂಡಿರುತ್ತದೆ. ಕಾಡಿನ ಬಳ್ಳಿಯಾದರೆ ಸರಿಸಿ ಅಥವಾ ಕತ್ತರಿಸಿ ಅಳೆಯುತ್ತಾರೆ. ಮೆಣಸಿನ ಬಳ್ಳಿಗೆ ಕತ್ತಿ ಹಾಕಿದರೆ ಪ್ರಾಜೆಕ್ಟು ಅಲ್ಲಿಗೇ ನಿಂತೀತು. ಬಳ್ಳಿಯ ಮೇಲೆಯೇ ಸುತ್ತಿದರೆ ಏನಾಗುತ್ತದೆ? ಸುತ್ತಲೂ 2 ಸೆಂ.ಮೀ. ದಪ್ಪದ ಪದರವೆಂದು ಇಟ್ಟುಕೊಂಡರೆ ವ್ಯಾಸಕ್ಕೆ 4, ಸುತ್ತಿಗೆ ಸುಮಾರು 12.6 ಸೆಂ.ಮೀ. ಸೇರುತ್ತದೆ. ಮರ ಸಣ್ಣದಿರಲಿ ದೊಡ್ಡದಿರಲಿ ಸೇರುವುದು ಅಷ್ಟೇ, ಹಾಗಾಗಿ ಸಣ್ಣ ಮರದ ಲೆಕ್ಕ ಹೆಚ್ಚು ಕೆಡುತ್ತದೆ. ಬಳ್ಳಿಯ ಕಾಂಡಕ್ಕೂ ಮರಕ್ಕೂ ನಡುವೆ ಟೇಪಿನ ತುದಿಯನ್ನು ತೂರಿಸಿ ತೆಗೆಯಲು ಸಾಧ್ಯವಾದರೆ ಅದೇ ಒಳ್ಳೆಯದು. ಗೆಣ್ಣಿನ ಬೇರುಗಳು ಬಿಗಿಯಾಗಿ ಹಿಡಿದಿದ್ದರೆ ಟೇಪನ್ನು ಪಕ್ಕಕ್ಕಿಟ್ಟು ಕ್ಯಾಲಿಪರ್ ತೆಗೆದುಕೊಳ್ಳಬೇಕು. ಅದರ ಎರಡು ತೋಳುಗಳಿಗೆ ಬೇಕಾದದ್ದು ಎದುರುಬದುರು ಎರಡು ಬೋಳು ಜಾಗಗಳು ಮಾತ್ರ. ಒಂದು ಅಳತೆ ತೆಗೆದು, ಅದಕ್ಕೆ ಅಡ್ಡಲಾಗಿ ಇನ್ನೊಂದು ತೆಗೆದು, ಸರಾಸರಿ ಹಿಡಿಯುವುದು. ಅವಳ ಫೋನಿನಲ್ಲೂ ಕಾಂಡದ ದಪ್ಪ ಹೇಳುವ ಒಂದು ಆ್ಯಪ್ ಇದೆ, ಬೋಳು ಮರದಲ್ಲಿ ಪರವಾಗಿಲ್ಲ. ಬಳ್ಳಿಯಿದ್ದರೆ ಅದು ಬಳ್ಳಿಯನ್ನೂ ಮರವೆಂದೇ ತಿಳಿಯುತ್ತದೆ.

ಕ್ಯಾಲಿಪರಿನ ಎರಡು ಅಳತೆಗಳು ಹೊಂದದಿದ್ದರೆ ಮರ ಗುಂಡಗಿಲ್ಲ ಎಂದರ್ಥ. ಟೇಪು ಈ ಸುದ್ದಿಯನ್ನು ಹೇಳುವುದೇ ಇಲ್ಲ. ಒಂದು ಕಡೆ 60, ಇನ್ನೊಂದು ಕಡೆ 40 ಸೆಂ.ಮೀ. ಇರುವ ಮೊಟ್ಟೆಯಾಕಾರದ ಕಾಂಡಕ್ಕೆ ಟೇಪು ಸುತ್ತಿದರೆ ಸುಮಾರು 158.7 ಬರುತ್ತದೆ, ಅದರಿಂದ ತೆಗೆದ ವ್ಯಾಸ 50.5. ಆ ವ್ಯಾಸದ ವೃತ್ತ ನಿಜವಾದ ಅಡ್ಡಕೊಯ್ತಕ್ಕಿಂತ ಶೇಕಡಾ 6ರಷ್ಟು ದೊಡ್ಡದು. ಒಂದೇ ಸುತ್ತಿನೊಳಗೆ ಹೆಚ್ಚು ಜಾಗ ಹಿಡಿಸುವ ಆಕಾರ ವೃತ್ತ. ಆದ್ದರಿಂದ ಗುಂಡಗಿಲ್ಲದ ಯಾವ ಮರವಾದರೂ ಟೇಪಿನ ಲೆಕ್ಕದಲ್ಲಿ ದೊಡ್ಡದಾಗಿಯೇ ಬರುತ್ತದೆ, ಒಂದು ಮರದ ಹೆಚ್ಚನ್ನು ಇನ್ನೊಂದರ ಕಡಿಮೆ ಸರಿದೂಗಿಸುವುದಿಲ್ಲ. ಸಿಲ್ವರ್ ಓಕ್‌ಗೆ ಇದು ಅಷ್ಟಾಗಿ ತಾಗದು. ಬೂರುಗದಂತೆ ಹಲಗೆ ಬೇರು ಬಿಡುವ ಮರದಲ್ಲಿ ಬೇರು ಮುಗಿದ ಮೇಲಕ್ಕೆ ಏಣಿ ಹಾಕಿ ಅಳೆದು, ಎಷ್ಟು ಎತ್ತರದಲ್ಲಿ ಎಂದು ಪಕ್ಕದಲ್ಲಿ ಬರೆಯಬೇಕು. ಇನ್ನು ಬೇರೆ ಮರವನ್ನು ತಬ್ಬಿ ಬೆಳೆದ ಗೋಳಿಗೆ ಸುತ್ತು ಹಿಡಿದು ವ್ಯಾಸ ತೆಗೆಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ ಕೆಲಸ. ಒಳಗೆ ಎಷ್ಟು ಪೊಳ್ಳು ಎಂದು ಅಂಕಿ ಹೇಳುವುದಿಲ್ಲ.

ಹಾಗಿದ್ದರೂ ಎಲ್ಲರೂ ಟೇಪನ್ನೇ ಹಿಡಿಯುವುದು ಯಾಕೆ? ಕ್ಯಾಲಿಪರನ್ನು ಸ್ವಲ್ಪ ತಿರುಗಿಸಿ ಹಿಡಿದರೆ ಅಂಕಿ ಬದಲಾಗುತ್ತದೆ. ಟೇಪಿಗೆ ದಿಕ್ಕಿಲ್ಲ, ಯಾರು ಸುತ್ತಿದರೂ ಅದೇ ಅಳತೆ. ಅದೇ ಮರವನ್ನು ವರ್ಷ ಬಿಟ್ಟು ಮತ್ತೆ ಅಳೆಯುವವರಿಗೆ ಇದು ದೊಡ್ಡ ಸಂಗತಿ. ವ್ಯಾಸ 3 ಮಿ.ಮೀ. ಹೆಚ್ಚಿದರೆ ಸುತ್ತು 9 ಮಿ.ಮೀ.ಗಿಂತ ಜಾಸ್ತಿ ಹೆಚ್ಚುತ್ತದೆ, ಕಣ್ಣಿಗೆ ಕಾಣುತ್ತದೆ. ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆದಿರಬೇಕು ಅಷ್ಟೇ, ಇಲ್ಲದಿದ್ದರೆ ಎತ್ತರ ಬದಲಾದದ್ದನ್ನೇ ಬೆಳವಣಿಗೆ ಎಂದು ಬರೆದುಬಿಡುತ್ತೇವೆ.

ಅವಳ ನಮೂನೆಯಲ್ಲಿ ವ್ಯಾಸಕ್ಕೆ ಒಂದೇ ಕಾಲಂ ಇತ್ತು, ಅದೂ ಪೂರ್ಣ ಸೆಂಟಿಮೀಟರಿನಲ್ಲಿ. 49 ಎಂದು ಬರೆದರೆ 152.4ರಿಂದ 155.5ರವರೆಗಿನ ಯಾವ ಸುತ್ತೂ ಅದರೊಳಗೆ ಅಡಗಿಹೋಗುತ್ತದೆ. ನಿಧಾನವಾಗಿ ಬೆಳೆಯುವ ಮರವಾದರೆ ಮೂರು ವರ್ಷದ ಬೆಳವಣಿಗೆ ಮಾಯ. ಪಕ್ಕದಲ್ಲಿ ಸುತ್ತಿನ ಕಾಲಂ ಒಂದನ್ನು ಸೇರಿಸಿ ಮಿಲಿಮೀಟರಿನವರೆಗೂ ಬರೆ, ವ್ಯಾಸವನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತೆಗೆ ಎಂದೆ. ಗೈಡ್ ಒಪ್ಪಬೇಕಲ್ಲ ಎಂದಳು. ಮುಂದಿನ ವಾರ ಬಂದಾಗ ಹೊಸ ನಮೂನೆಯಲ್ಲಿ ಸುತ್ತು ಇತ್ತು, ಬಳ್ಳಿ ಇದೆಯೇ ಇಲ್ಲವೇ ಎಂಬ ಕಾಲಂ ಇತ್ತು, ಅಳೆದ ಎತ್ತರ 1.37 ಅಲ್ಲದಿದ್ದರೆ ಎಷ್ಟು ಎಂಬುದಕ್ಕೂ ಜಾಗವಿತ್ತು.