ನಿನ್ನ ಮದುವೆಗೆ ಖರ್ಚಾಗಿದ್ದು ಸಾಲದೇ?

ಬಳೇಪೇಟೆಯಲ್ಲಿ ನಿಂತು ಮದುವೆಯ ವಿಷಯ ಮಾತಾಡದೆ ಇರುವುದು ಕಷ್ಟ. ಎಡಕ್ಕೆ ತಿರುಗಿದರೆ ಲಗ್ನಪತ್ರಿಕೆ, ಬಲಕ್ಕೆ ತಿರುಗಿದರೆ ಬಾಸಿಂಗ, ಮುಂದೆ ರೇಷ್ಮೆ ಸೀರೆ, ಅದರಾಚೆ ಹಿತ್ತಾಳೆ ದೀಪ, ಸಂದಿಯಲ್ಲಿ ಹೊಕ್ಕರೆ ತಬಲಾ, ವೀಣೆ, ನಾಗಸ್ವರ. ಗ್ರಂದಿಗೆ ಅಂಗಡಿಯವರು ಚೀಟಿ ನೋಡುವುದೇ ಇಲ್ಲ. "ಮಗಳದಾ, ಮಗಂದಾ?" ಅಂತ ಒಂದು ಪ್ರಶ್ನೆ ಕೇಳಿ, ಅರಿಶಿನದ ಕೊಂಬಿನಿಂದ ಹಿಡಿದು ಕಳಶದ ಕನ್ನಡಿಯವರೆಗೆ ಗಂಟು ಕಟ್ಟಿಬಿಡುತ್ತಾರೆ. "ಎಷ್ಟನೇ ಮಗಳು?" ಎಂದು ಮಾತ್ರ ಅವರು ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ. ಮೊದಲನೆಯವಳ ಗಂಟಿಗೂ ಮೂರನೆಯವಳ ಗಂಟಿಗೂ ಎಷ್ಟು ವ್ಯತ್ಯಾಸ ಎನ್ನುವುದರ ಮೇಲೆ ಮುಂದಿನ ಮೂವತ್ತು ವರ್ಷದ ಹಬ್ಬಗಳಲ್ಲಿ ಆ ಮನೆಯಲ್ಲಿ ಯಾರು ಯಾರ ಪಕ್ಕ ಎಲೆಗೆ ಕೂರುತ್ತಾರೆ ಅನ್ನುವುದು ತೀರ್ಮಾನವಾಗುತ್ತದೆ.

ಪೇಟೆಯ ಅಂಗಡಿಗಳಲ್ಲಿ ಕಿರ್ದಿ ಬರೆಯದೆ ಒಂದು ಕಾಸೂ ಆಚೆ ಹೋಗುತ್ತಿರಲಿಲ್ಲ. ಮದುವೆ ಮನೆಯಲ್ಲೂ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಒಬ್ಬ ಚಿಕ್ಕಪ್ಪ ಪುಸ್ತಕ ಹಿಡಿದು ಕೂತಿರುತ್ತಿದ್ದ. ಆದರೆ ಯಾವ ಮಗುವಿಗೆ ಎಷ್ಟು ಖರ್ಚಾಯಿತು ಎನ್ನುವುದನ್ನು ಮಾತ್ರ ಯಾವ ಅಪ್ಪನೂ ಬರೆದಿಡಲಿಲ್ಲ. ಅವರು ಬರೆಯಲಿಲ್ಲವೆಂದು ಲೆಕ್ಕ ಇಲ್ಲದೆ ಹೋಗಲಿಲ್ಲ. ಅದು ಮಕ್ಕಳ ಬಾಯಲ್ಲಿ ಉಳಿಯಿತು, ವರ್ಷ ವರ್ಷ ಬೆಳೆಯಿತು.

ಒಂದು ಮನೆಯ ಕಥೆ ಹೇಳುತ್ತೇನೆ. ನಿಜವಾಗಿ ಇದು ಒಂದು ಮನೆಯದಲ್ಲ. ಈ ಕಡೆ ಕೇಳಿದ ನಾಲ್ಕಾರು ಮನೆಗಳನ್ನು ಕಲಸಿ ಒಂದು ಮಾಡಿದ್ದು, ಆದ್ದರಿಂದ ಹೆಸರು ಬೇಡ. ಮುಂದೆ ಅಂಗಡಿ, ಹಿಂದೆ ರೈಲಿನಂತೆ ಉದ್ದಕ್ಕೆ ಹೋಗುವ ಮನೆ. ಕಟ್ಟಿಸಿದ್ದು ತಾತ. ತಾತ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮುಂಚೆಯೇ ತೀರಿಕೊಂಡಿದ್ದರಿಂದ ಆ ಆಸ್ತಿ ಅಪ್ಪನ ಕೈಯಲ್ಲಿ ಪಿತ್ರಾರ್ಜಿತ. ಈ ಸಣ್ಣ ವಿವರ ನೆನಪಿರಲಿ, ಮುಂದೆ ಬೇಕಾಗುತ್ತದೆ. ನಾಲ್ಕು ಮಕ್ಕಳು. ಹಿರಿಯ ಮಗ ಇಂಜಿನಿಯರಿಂಗ್ ಓದಬೇಕು ಅಂದ. 1985ರ ಸುಮಾರು. ಸಿಇಟಿ ಇನ್ನೂ ಬಂದಿರಲಿಲ್ಲ. ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1984ರಲ್ಲೇ ಮಾಡಿತ್ತಾದರೂ ಡೊನೇಷನ್ ಎಂಬ ಶಬ್ದ ಮನೆಮನೆಯಲ್ಲಿ ಓಡಾಡುತ್ತಿತ್ತು. ನಲವತ್ತು ಸಾವಿರ ಕೊಟ್ಟರು. ಎರಡನೆಯ ಮಗನಿಗೆ ಪಿಯುಸಿ ಆಗುವ ಹೊತ್ತಿಗೆ ಅಪ್ಪನ ಮಂಡಿನೋವು ಶುರುವಾಗಿತ್ತು. "ಅಣ್ಣನ ಓದು ಮುಗಿಯೋವರೆಗೂ ಅಂಗಡೀಲಿ ಕೂತ್ಕೋ ಮರಿ" ಅಂದರು. ಅವನು ಇವತ್ತಿಗೂ ಕೂತಿದ್ದಾನೆ. ದೊಡ್ಡ ಮಗಳ ಮದುವೆ 1993ರಲ್ಲಿ, ಬಸವನಗುಡಿಯ ಛತ್ರದಲ್ಲಿ, ವರಪೂಜೆಯಿಂದ ಬೀಗರ ಔತಣದವರೆಗೆ ಒಂದನ್ನೂ ಬಿಡದೆ, ಒಂದು ಲಕ್ಷ ಅರವತ್ತು ಸಾವಿರ ಖರ್ಚಿನಲ್ಲಿ. ಚಿಕ್ಕವಳದು 1997ರಲ್ಲಿ. ಅಷ್ಟು ಹೊತ್ತಿಗೆ ಅಂಗಡಿ ಸೊರಗಿತ್ತು. ಬೆಳಿಗ್ಗೆ ದೇವಸ್ಥಾನದಲ್ಲಿ ಧಾರೆ, ಮಧ್ಯಾಹ್ನ ಮನೆಮಂದಿಗೆ ಊಟ, ಅಷ್ಟೇ.

ಈಗ ಬಾಯಿಲೆಕ್ಕ ಕೇಳಿ. ದೊಡ್ಡಣ್ಣ ಹೇಳುತ್ತಾನೆ: "ನಂಗೆ ನಲವತ್ತು ಸಾವಿರ, ಅಕ್ಕಯ್ಯಂಗೆ ಒಂದೂವರೆ ಲಕ್ಷದ ಮೇಲೆ. ನಾಲ್ಕು ಪಟ್ಟು!" ತಂಗಿಯನ್ನು ಅಕ್ಕಯ್ಯ ಅನ್ನುವುದು ಅವನ ಜಗಳದ ಮರ್ಯಾದೆ. ರೂಪಾಯಿ ಎಣಿಸಿದರೆ ಅವನು ಹೇಳಿದ್ದು ಸರಿ. ಆದರೆ ಎಂಟು ವರ್ಷದ ಅಂತರವನ್ನು ರೂಪಾಯಿಯಲ್ಲಿ ಅಳೆಯಬಾರದು ಎಂದು ಪಕ್ಕದ ರಾಜಾ ಮಾರ್ಕೆಟ್ಟಿನ ಯಾವ ಚಿನಿವಾರರನ್ನು ಕೇಳಿದರೂ ಹೇಳುತ್ತಾರೆ. 1985ರಲ್ಲಿ ಹತ್ತು ಗ್ರಾಂ ಚಿನ್ನ ಎರಡು ಸಾವಿರದ ಆಸುಪಾಸು. ಡೊನೇಷನ್ ಅಂದರೆ ಇನ್ನೂರು ಗ್ರಾಂ. 1993ರಲ್ಲಿ ನಾಲ್ಕು ಸಾವಿರದ ಆಸುಪಾಸು. ಮದುವೆ ಅಂದರೆ ನಾನೂರು ಗ್ರಾಂ. ನಾಲ್ಕು ಪಟ್ಟು ಕರಗಿ ಎರಡೇ ಪಟ್ಟಾಯಿತು.

ಅಲ್ಲಿಗೂ ಮುಗಿಯುವುದಿಲ್ಲ. ಆ ಒಂದು ಲಕ್ಷ ಅರವತ್ತು ಸಾವಿರದಲ್ಲಿ ಮಗಳ ಕೈಗೆ ಬಂದದ್ದೆಷ್ಟು? ಛತ್ರದ ಬಾಡಿಗೆ ಛತ್ರದವರಿಗೆ, ಹೋಳಿಗೆ ಬಂದವರ ಹೊಟ್ಟೆಗೆ, ಓಲಗದ ಸಂಭಾವನೆ ಓಲಗದವರಿಗೆ, ಸೂಟು-ವಾಚು-ಸ್ಕೂಟರು ಅಳಿಯನಿಗೆ. 1961ರಿಂದ ವರದಕ್ಷಿಣೆ ನಿಷೇಧವಿದ್ದರೂ ಸ್ಕೂಟರಿಗೆ 'ಪ್ರೀತಿಗೆ ಕೊಟ್ಟಿದ್ದು' ಎಂಬ ಹೆಸರಿತ್ತು. ಅವಳ ಮೈಮೇಲೆ ಹೋದದ್ದು ನೂರು ಗ್ರಾಂ ಒಡವೆ, ಅಂದರೆ ನಲವತ್ತು ಸಾವಿರ. ಅಣ್ಣನ ಡೊನೇಷನ್ನಿಗೆ ಸರಿಸಮ! ಚಿನ್ನದಲ್ಲಿ ಅಳೆದರೆ ಅವನದರ ಅರ್ಧ. ಅಣ್ಣನ ಇನ್ನೂರು ಗ್ರಾಂ ಸಂಬಳವಾಗಿ, ಸೈಟಾಗಿ, ಪಿಂಚಣಿಯಾಗಿ ಮರಿ ಹಾಕಿತು. ಅವಳ ಬಾಕಿ ಮುನ್ನೂರು ಗ್ರಾಂ ಅಪ್ಪನ ಮರ್ಯಾದೆಗೆ ಆದ ಖರ್ಚು. ಬಿಲ್ಲು ಮಾತ್ರ ಅವಳ ಹೆಸರಿನಲ್ಲಿದೆ.

ಇಷ್ಟೆಲ್ಲ ಎಣಿಸಿದ ಮೇಲೆ ಕಾನೂನು ಏನನ್ನುತ್ತದೆ ಎಂದು ಕೇಳಿದರೆ, ಅದು ಸುಲಭವಾಗಿ ಕೈ ತೊಳೆದುಕೊಳ್ಳುತ್ತದೆ. ಅವಿಭಕ್ತ ಕುಟುಂಬದ ವಿಭಾಗದಲ್ಲಿ ಸಾಮಾನ್ಯ ನಿಯಮ: ಹಿಂದಿನ ಖರ್ಚಿನ ಲೆಕ್ಕ ಕೇಳುವಂತಿಲ್ಲ. ಯಜಮಾನ ಮೋಸ ಮಾಡಿದ್ದರೆ, ಆಸ್ತಿ ನುಂಗಿದ್ದರೆ ಬೇರೆ ಮಾತು. ಅದಿಲ್ಲದಿದ್ದರೆ ಒಬ್ಬನ ಓದಿಗೆ ಹೆಚ್ಚಾಯಿತು, ಒಬ್ಬಳ ಮದುವೆಗೆ ಕಡಿಮೆಯಾಯಿತು ಎಂದು ಪಾಲಿನಲ್ಲಿ ಹಿಡಿದುಕೊಳ್ಳಲು ಬರುವುದಿಲ್ಲ. ಭಾಗ ಕೇಳಿದ ದಿನ ಇದ್ದದ್ದನ್ನು ಹಂಚಬೇಕು, ಅಷ್ಟೇ.

ಓದಿನ ವಿಷಯದಲ್ಲಂತೂ ದೊಡ್ಡ ವ್ಯಾಜ್ಯವೇ ನಡೆದಿದೆ. ಮನೆಯ ದುಡ್ಡಿನಲ್ಲಿ ಓದಿ ಐಸಿಎಸ್ ಆದವನ ಸಂಬಳ ಅವನದೋ, ಇಡೀ ಕುಟುಂಬದ್ದೋ? 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಗೋಕಲ್ ಚಂದ್ ಮೊಕದ್ದಮೆಯಲ್ಲಿ, ಕುಟುಂಬದ್ದು ಎಂದಿತು. ಓದಿದವರೆಲ್ಲ ಬೆಚ್ಚಿದರು. 1930ರಲ್ಲಿ ಹಿಂದೂಗಳ ವಿದ್ಯಾರ್ಜಿತ ಗಳಿಕೆಯ ಕಾಯಿದೆ ಬಂದು, ಓದಿಸಿದ್ದು ಯಾರ ದುಡ್ಡಾದರೂ ಗಳಿಸಿದ್ದು ಓದಿದವನದೇ ಎಂದಿತು. ನ್ಯಾಯವಾಗಿ ನೋಡಿದರೆ ಸರಿಯೇ. ಇಲ್ಲದಿದ್ದರೆ ಮನೆಯಲ್ಲಿ ಓದಿದವನೊಬ್ಬ ಜೀವಮಾನವಿಡೀ ಎಲ್ಲರಿಗೂ ಸಂಬಳದ ಚೀಟಿ ತೋರಿಸಬೇಕಿತ್ತು. ಆದರೆ ನಮ್ಮ ಅಂಗಡಿಯ ತಮ್ಮನಿಗೆ ಇದನ್ನು ಹೇಳಿ ನೋಡಿ. ಅವನು ತೂಕ ಹಾಕುತ್ತಲೇ ಅನ್ನುತ್ತಾನೆ: "ಓದಿದವನ ಗಳಿಕೆ ಓದಿದವನದು. ಅಂಗಡೀಲಿ ಕೂತವನ ಗಳಿಕೆ ಮಾತ್ರ ಎಲ್ಲರದು. ಚೆನ್ನಾಗಿದೆ ಸ್ವಾಮಿ."

ಹೆಣ್ಣುಮಕ್ಕಳ ಕಡೆ ಕಥೆ ಇನ್ನೂ ವಿಚಿತ್ರ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ ತಿದ್ದುಪಡಿ ತಂದಿತು. ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು. ಒಂದು ಷರತ್ತಿತ್ತು: ಅಂದಿಗೆ ಮೊದಲೇ ಮದುವೆಯಾದವಳಿಗೆ ಇಲ್ಲ. ಈಗ ನಮ್ಮ ಮನೆಗೆ ಬನ್ನಿ. 1993ರಲ್ಲಿ ಛತ್ರದಲ್ಲಿ ಮದುವೆಯಾದ ದೊಡ್ಡವಳಿಗೆ ಹಕ್ಕಿಲ್ಲ. 1997ರಲ್ಲಿ ದೇವಸ್ಥಾನದಲ್ಲಿ ಮದುವೆಯಾದ ಚಿಕ್ಕವಳಿಗೆ ಉಂಟು. ಕಾನೂನು ತಿಳಿದೋ ತಿಳಿಯದೆಯೋ ತೂಗಿ ಕೊಟ್ಟಂತಿತ್ತು: ಒಬ್ಬಳಿಗೆ ಹೋಳಿಗೆ, ಒಬ್ಬಳಿಗೆ ಗೋಡೆ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಗೆರೆಯನ್ನೂ ಅಳಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ವಿಭಾಗವಾಗಿರದಿದ್ದರೆ, ಎಂದು ಮದುವೆಯಾಗಿದ್ದರೂ ಮಗಳಿಗೆ ಸಮಪಾಲು. ನಮ್ಮ ಮನೆಯಲ್ಲಿ ವಿಭಾಗವೇ ಆಗಿರಲಿಲ್ಲ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅಮ್ಮ ಮುಂಚೆಯೇ ಹೋಗಿದ್ದರು. ನಾಲ್ವರಿಗೂ ಕಾಲು ಕಾಲು. ಚಿಕ್ಕವಳಿಗೆ ಆಗ ಹೊಸ ಕೊರಗು ಹುಟ್ಟಿತು: "ಹೋಳಿಗೆಯೂ ಅಕ್ಕಂಗೆ, ಗೋಡೆಯೂ ಅಕ್ಕಂಗೆ!"

ಹದಿನಾರನೇ ದಿನ ಕಳೆದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮಾತು ಬಂತು. ದೊಡ್ಡಣ್ಣ ಒಂದು ಕಾಗದ ತಂದ, ಹಕ್ಕು ಬಿಡುಗಡೆ ಪತ್ರ. ತಂಗಿಯರಿಬ್ಬರೂ ಅರಿಶಿನ-ಕುಂಕುಮದ ಬಾಬ್ತು ಇಷ್ಟು ಪಡೆದು ತಮ್ಮ ಹಕ್ಕನ್ನು ಅಣ್ಣತಮ್ಮಂದಿರಿಗೆ ಬಿಟ್ಟಿದ್ದಾರೆ ಎಂದು. ದೊಡ್ಡವಳು ಪೆನ್ನು ಹಿಡಿಯದೆ ಕೂತಾಗ ಬಂತು ನೋಡಿ ಆ ಮಾತು: "ನಿನ್ನ ಮದುವೆಗೆ ಖರ್ಚಾಗಿದ್ದು ಸಾಲದೇ?"

ಈ ಒಂದು ವಾಕ್ಯಕ್ಕಾಗಿಯೇ ಇಷ್ಟು ಹರಟಿದ್ದು. ಮಕ್ಕಳ ನಡುವೆ ಖರ್ಚು ಹೆಚ್ಚುಕಡಿಮೆ ಆಗದ ಮನೆ ಇಲ್ಲ. ಅಂಗಡಿ ನಡೆದ ವರ್ಷ ಬೇರೆ, ಸೊರಗಿದ ವರ್ಷ ಬೇರೆ. ಅದು ತಿಳಿಯದಷ್ಟು ಮೂಢರಲ್ಲ ಮಕ್ಕಳು. ಹೊಟ್ಟೆಗೆ ಬೆಂಕಿ ಬೀಳುವುದು, ಒಬ್ಬರ ಖರ್ಚು ಪಾಲಿನಲ್ಲಿ ಕಳೆಯುವ ಬಾಬ್ತಾಗಿ ಇನ್ನೊಬ್ಬರ ಖರ್ಚು ಅಪ್ಪನ ಕರ್ತವ್ಯವಾಗಿ ಉಳಿದಾಗ. ಮದುವೆಯ ಲೆಕ್ಕ ತೆಗೆಯುವುದಾದರೆ ಡೊನೇಷನ್ನಿನದೂ ತೆಗೆಯಬೇಕು, ಕೂತಲ್ಲೇ ಸವೆದ ತಮ್ಮನ ವರ್ಷಗಳದೂ ತೆಗೆಯಬೇಕು. ಇಲ್ಲವೇ ಕೋರ್ಟಿನಂತೆ ಎಲ್ಲರದನ್ನೂ ಮುಚ್ಚಿ ಕಾಲು ಕಾಲು ಹಂಚಬೇಕು. ಎರಡರಲ್ಲಿ ಒಂದು.

ಅಪ್ಪ ಬದುಕಿದ್ದಾಗ ಇದಕ್ಕೆ ದಾರಿ ಇರಲಿಲ್ಲವೇ? ಇತ್ತು. ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲಿನ ಮಟ್ಟಿಗೆ ಅಪ್ಪ ಉಯಿಲು ಬರೆಯಬಹುದು. ತನ್ನ ಪಾಲು ಅಂಗಡಿ ನೋಡಿಕೊಂಡ ಮಗನಿಗೆ, ಏಕೆಂದರೆ ಹಿರಿಯವನ ಓದು ಆದದ್ದು ಇವನ ದುಡಿಮೆಯಿಂದ, ಎಂದು ನಾಲ್ಕು ಸಾಲಿನಲ್ಲಿ ಕಾರಣ ಸಮೇತ ಬರೆದು ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸಿದ್ದರೆ ಸಾಕಿತ್ತು. ನಾಲ್ವರನ್ನೂ ಕೂರಿಸಿ ಪಾಲುಪಾರಿಕತ್ತು ಮಾಡಿಸಿ ನೋಂದಾಯಿಸಿದ್ದರೆ ಇನ್ನೂ ಒಳ್ಳೆಯದಿತ್ತು. "ಅವಳೇ ಬೇಡ ಅಂದಿದ್ದಳು" ಎಂಬ ಬಾಯಿಮಾತಿಗೆ ಮಾತ್ರ ಬೆಲೆಯಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ನೋಂದಣಿಯಾದ ಪತ್ರದಿಂದಲೇ ಆಗಬೇಕು. ಆದರೆ ನಮ್ಮ ಅಪ್ಪಂದಿರಿಗೆ ಉಯಿಲು ಅಂದರೆ ಯಮನಿಗೆ ಲಗ್ನಪತ್ರಿಕೆ ಕಳಿಸಿದಂತೆ ಭಯ.

ಕೊನೆಗೆ ಆ ಮನೆಯಲ್ಲಿ ಏನಾಯಿತು ಅಂದರೆ, ದೊಡ್ಡವಳು ಸಹಿ ಹಾಕಿದಳು, ಆದರೆ ಅಣ್ಣ ತಂದ ಕಾಗದಕ್ಕಲ್ಲ. ಬೇರೆ ಬರೆಸಿ, ತನ್ನ ಕಾಲು ಪಾಲನ್ನು ತಮ್ಮನೊಬ್ಬನಿಗೇ ಬಿಟ್ಟಳು. "ನಂಗೆ ಮೂರು ದಿನದ ಮದುವೆಯಾದ್ರೂ ಆಯ್ತು. ಅವನಿಗೆ ಏನಾಯ್ತು ಹೇಳು?" ಅಂತ ಅಣ್ಣನನ್ನೇ ಕೇಳಿದಳಂತೆ. ಅಣ್ಣ ಉತ್ತರ ಕೊಡಲಿಲ್ಲ, ತನ್ನ ಪಾಲನ್ನೂ ಬಿಡಲಿಲ್ಲ. ಚಿಕ್ಕವಳು ತನ್ನ ಕಾಲು ಪಾಲಿನ ಬೆಲೆಯನ್ನು ಪೈಸೆ ಬಿಡದೆ ತೆಗೆದುಕೊಂಡಳು. ತೆಗೆದುಕೊಂಡದ್ದರಲ್ಲಿ ತಪ್ಪೇನೂ ಇಲ್ಲ.